ಲಾರಿ ಆಫೀಸಿಗೆ ಜಿಎಸ್‌ಟಿ ನಂಬರ್ ಇಲ್ಲ: ಬಾಡಿಗೆ ಮೇಲಿನ ತೆರಿಗೆ ಯಾರು, ಯಾವಾಗ ಕಟ್ಟಬೇಕು?

ಪ್ರಶ್ನೆ: ಸರ್, ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಎಲೆಕ್ಟ್ರಿಕಲ್ ಪ್ಯಾನಲ್ ಬಾಕ್ಸ್ ಮಾಡುವ ಚಿಕ್ಕ ಯೂನಿಟ್. ಜಿಎಸ್‌ಟಿ ನೋಂದಣಿ ಇದೆ, ತಿಂಗಳ ರಿಟರ್ನ್ ಹಾಕುತ್ತೇವೆ. ಮಾಲು ಕಳಿಸುವ ಲಾರಿ ಆಫೀಸಿನವರಿಗೆ ಜಿಎಸ್‌ಟಿ ನಂಬರ್ ಇಲ್ಲ. ಲೋಕಲ್ ಟೆಂಪೋದವರಿಗೂ ಇಲ್ಲ. ಏಪ್ರಿಲ್‌ನಿಂದ ಬಾಡಿಗೆ ಮೇಲೆ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿಲ್ಲ. ಈಗ ಡಿಸೆಂಬರ್‌ನಲ್ಲಿ ಆಡಿಟರ್ ‘ನೋಂದಣಿ ಇಲ್ಲದವರಿಗೆ ಕೊಟ್ಟ ಬಾಡಿಗೆಗೆಲ್ಲ ಶೇ. 5 ರಿವರ್ಸ್ ಚಾರ್ಜ್ ಕಟ್ಟಿ’ ಅಂತಿದ್ದಾರೆ. ಎಲ್ಲದಕ್ಕೂ ಕಟ್ಟಬೇಕಾ? ನಮ್ಮ ಖಾತೆಯಲ್ಲಿ ಕ್ರೆಡಿಟ್ ಬೇಕಾದಷ್ಟಿದೆ, ಅದರಲ್ಲೇ ವಜಾ ಮಾಡಬಹುದಾ?

ಉತ್ತರ: ಎಲ್ಲದಕ್ಕೂ ಕಟ್ಟಬೇಕಾಗಿಲ್ಲ ಮೇಡಂ. ಆದರೆ ಕಟ್ಟಬೇಕಾದ್ದನ್ನು ನಗದಾಗಿಯೇ ಕಟ್ಟಬೇಕು, ನೀವು ಕೊಂಡದ್ದರ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್‌ನಲ್ಲಿ ವಜಾ ಆಗುವುದಿಲ್ಲ.

ರಿವರ್ಸ್ ಚಾರ್ಜ್ ಅಂದರೆ ಕೊಟ್ಟವರ ಬದಲು ಪಡೆದವರೇ ತೆರಿಗೆ ಕಟ್ಟುವುದು. ಅದರ ಬಗ್ಗೆ ನಿಮ್ಮ ಆಡಿಟರ್ ಹೇಳಿದ ಮಾತಿನಲ್ಲಿ ಒಂದು ಸಣ್ಣ ಎಡವಟ್ಟಿದೆ. ಪೀಣ್ಯದಲ್ಲಿ ನಾನು ನೋಡುವ ಹತ್ತು ಲೆಕ್ಕದ ಪುಸ್ತಕದಲ್ಲಿ ಅರ್ಧಕ್ಕರ್ಧ ಇದೇ ಎಡವಟ್ಟು ಇರುತ್ತದೆ. ಲಾರಿಯವರಿಗೆ ನೋಂದಣಿ ಇಲ್ಲ ಅನ್ನುವ ಕಾರಣಕ್ಕೆ ನಿಮ್ಮ ಮೇಲೆ ತೆರಿಗೆ ಬರುವುದಿಲ್ಲ. ಅವರು ನಿಮಗೆ ಎಲ್‌ಆರ್, ಅಂದರೆ ಲಾರಿ ರಸೀದಿ ಕೊಟ್ಟಿದ್ದಾರೆ ಅನ್ನುವ ಕಾರಣಕ್ಕೆ ಬರುತ್ತದೆ. ಈ ಎರಡನ್ನೂ ಬೇರೆ ಮಾಡಿಕೊಂಡರೆ ಉಳಿದ ಗೊಂದಲ ಬಹುಪಾಲು ತಾನಾಗೇ ಬಿಡಿಸಿಕೊಳ್ಳುತ್ತದೆ.

ಗೊಂದಲ ಶುರುವಾದದ್ದು ಎಲ್ಲಿಂದ ಅಂದರೆ, 2017ರಲ್ಲಿ ಜಿಎಸ್‌ಟಿ ಬಂದಾಗ ಕಾಯ್ದೆಯಲ್ಲಿ ಎರಡು ಥರದ ರಿವರ್ಸ್ ಚಾರ್ಜ್ ಇತ್ತು. ಕಲಂ 9(4)ರ ಪ್ರಕಾರ, ನೋಂದಣಿ ಇಲ್ಲದವರ ಹತ್ತಿರ ಏನೇ ತೆಗೆದುಕೊಂಡರೂ ತೆಗೆದುಕೊಂಡವರೇ ತೆರಿಗೆ ಕಟ್ಟಬೇಕಿತ್ತು. ಅದನ್ನು ಅದೇ ವರ್ಷ ಅಕ್ಟೋಬರ್ 13ರಿಂದ ನಿಲ್ಲಿಸಿದರು. ಈಗ ಅದು ಉಳಿದಿರುವುದು ಬಿಲ್ಡರ್‌ಗಳಿಗೆ ಸಂಬಂಧಪಟ್ಟ ಕೆಲವು ವಿಷಯಕ್ಕೆ ಮಾತ್ರ. ಆದರೆ ಆ ಕೆಲವು ತಿಂಗಳ ಅಭ್ಯಾಸ ತುಂಬ ಜನರ ತಲೆಯಲ್ಲಿ ಹಾಗೇ ಉಳಿದುಬಿಟ್ಟಿದೆ. ನಿಮಗೆ ಅನ್ವಯಿಸುವುದು ಕಲಂ 9(3). ಇದರಲ್ಲಿ ಸರ್ಕಾರ ಕೆಲವು ಸೇವೆಗಳನ್ನು ಹೆಸರಿಸಿ, ಇವುಗಳಿಗೆ ಪಡೆದವರೇ ಕಟ್ಟಿ ಅಂದಿದೆ. ಆ ಪಟ್ಟಿ 2017ರ ಜೂನ್ 28ರ ಅಧಿಸೂಚನೆ 13/2017ರಲ್ಲಿದೆ. ಅದರ ಮೊದಲನೇ ಸಾಲೇ ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ. ನಾವೆಲ್ಲ ಬಾಯಲ್ಲಿ ಜಿಟಿಎ ಅನ್ನುವುದು ಇದನ್ನೇ.

ಜಿಟಿಎ ಅಂದರೆ ಯಾರು? ರಸ್ತೆ ಮೇಲೆ ಮಾಲು ಸಾಗಿಸುವ ಸೇವೆ ಕೊಟ್ಟು, ಅದಕ್ಕೆ ಕನ್‌ಸೈನ್‌ಮೆಂಟ್ ನೋಟ್ ಕೊಡುವವರು. ಅದನ್ನು ಯಾವ ಹೆಸರಿನಿಂದ ಕರೆದರೂ ಸರಿ ಅಂತ ಅಧಿಸೂಚನೆಯಲ್ಲೇ ಇದೆ. ನಮ್ಮ ಕಡೆ ಎಲ್‌ಆರ್ ಅನ್ನುತ್ತೇವೆ, ಉತ್ತರದ ಲಾರಿಯವರು ಬಿಲ್ಟಿ ಅನ್ನುತ್ತಾರೆ. ಎಲ್‌ಆರ್ ಕೊಡದೆ ಸುಮ್ನೆ ಮಾಲು ಹೇರಿಕೊಂಡು ಹೋಗಿ ಇಳಿಸಿ ಬರುವ ಟೆಂಪೋ ಅಥವಾ ಲಾರಿ ಮಾಲೀಕರು ಜಿಟಿಎ ಅಲ್ಲ. ಅವರ ಸೇವೆಗೆ ತೆರಿಗೆಯೇ ಇಲ್ಲ. ಅಧಿಸೂಚನೆ 12/2017ರ 18ನೇ ಸಾಲು ಅದಕ್ಕೆ ವಿನಾಯಿತಿ ಕೊಟ್ಟಿದೆ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಒಂದೇ. ಏಪ್ರಿಲ್‌ನಿಂದ ಇಲ್ಲಿಯವರೆಗಿನ ಬಾಡಿಗೆ ವೋಚರ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಹಿಂದೆ ಎಲ್‌ಆರ್ ಪಿನ್ ಮಾಡಿರುವುದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ.

ಎಲ್‌ಆರ್ ಅನ್ನು ಗುರುತಿಸುವುದು ಹೇಗೆ ಅಂತ ಕೇಳುವವರಿದ್ದಾರೆ. ಕಲಾಸಿಪಾಳ್ಯದ ಅಥವಾ ಯಶವಂತಪುರದ ಯಾವುದಾದರೂ ಲಾರಿ ಆಫೀಸಿನ ಎಲ್‌ಆರ್ ಪುಸ್ತಕ ನೋಡಿ. ಒಂದೇ ನಂಬರಿನ ಮೂರು-ನಾಲ್ಕು ಹಾಳೆ, ನಡುವೆ ಕಾರ್ಬನ್. ಕಳಿಸುವವರಿಗೆ ಒಂದು, ಮಾಲು ಪಡೆಯುವವರಿಗೆ ಒಂದು, ಡ್ರೈವರ್ ಕೈಗೆ ಒಂದು. ಕಳಿಸುವವರ ಹೆಸರು, ಪಡೆಯುವವರ ಹೆಸರು, ಗಾಡಿ ನಂಬರ್, ಎಷ್ಟು ನಗ, ಎಷ್ಟು ತೂಕ, ಎಲ್ಲಿಂದ ಎಲ್ಲಿಗೆ, ಬಾಡಿಗೆ ಎಷ್ಟು, ಹಮಾಲಿ ಎಷ್ಟು, ‘ಪೇಯ್ಡ್’ ಅಥವಾ ‘ಟು ಪೇ’ ಎಲ್ಲ ಅದರಲ್ಲಿರುತ್ತದೆ. ಈಚಿನ ಪುಸ್ತಕಗಳಲ್ಲಿ ಕೆಳಗಡೆ ಜಿಎಸ್‌ಟಿ ಯಾರು ಕಟ್ಟಬೇಕು ಅಂತ ಚಿಕ್ಕ ಚೌಕಗಳೂ ಇರುತ್ತವೆ: ಕಳಿಸುವವರು, ಪಡೆಯುವವರು, ಟ್ರಾನ್ಸ್‌ಪೋರ್ಟರ್. ಈ ಚೀಟಿ ಕೊಟ್ಟರು ಅಂದರೆ ಮಾಲು ಸುರಕ್ಷಿತವಾಗಿ ತಲುಪುವವರೆಗೆ ಜವಾಬ್ದಾರಿ ತಮ್ಮದು ಅಂತ ಅವರು ಒಪ್ಪಿಕೊಂಡ ಹಾಗೆ. ಜಿಟಿಎಗೂ ಬರೀ ಗಾಡಿ ಓಡಿಸುವವರಿಗೂ ಇರುವ ನಿಜವಾದ ವ್ಯತ್ಯಾಸ ಅದೇ. ಟೆಂಪೋದವರು ‘ಪೀಣ್ಯದಿಂದ ಬೊಮ್ಮಸಂದ್ರಕ್ಕೆ, 1,800 ರೂ. ಬಂದಿದೆ’ ಅಂತ ನಿಮ್ಮದೇ ವೋಚರ್ ಮೇಲೆ ಸಹಿ ಹಾಕಿ ಹೋದರೆ, ಅದು ಹಣ ಪಡೆದ ರಸೀದಿ ಅಷ್ಟೇ, ಎಲ್‌ಆರ್ ಅಲ್ಲ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಇದನ್ನು ಕೇಳಿದ ಕೂಡಲೇ ಕೆಲವರು ಲಾರಿ ಆಫೀಸಿಗೆ ಫೋನ್ ಮಾಡಿ ‘ಇನ್ಮೇಲೆ ಎಲ್‌ಆರ್ ಬೇಡ’ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಾರಿಯಲ್ಲಿ ಬಾಕ್ಸ್ ಜಜ್ಜಿ ಹೋದರೆ, ಹತ್ತು ನಗದಲ್ಲಿ ಒಂದು ಕಾಣೆಯಾದರೆ, ಕೇಳಲು ನಿಮ್ಮ ಕೈಯಲ್ಲಿರುವ ಕಾಗದ ಅದೊಂದೇ. ನನ್ನ ಹತ್ತಿರ ಲೆಕ್ಕ ಕೊಡುವ ಕಾಮಾಕ್ಷಿಪಾಳ್ಯದ ಒಬ್ಬರು ಹೀಗೆ ಎಲ್‌ಆರ್ ಬಿಟ್ಟು ಕಳಿಸಿದ ಮಾಲು ಮಳೆಯಲ್ಲಿ ನೆನೆದು ಹೋಯಿತು. ಲಾರಿಯವರು ‘ನಮ್ಮ ಗಾಡಿಯಲ್ಲಿ ಬಂದದ್ದಕ್ಕೆ ಏನು ಸಾಕ್ಷಿ’ ಅಂದರು. ಆ ಕಾಮಾಕ್ಷಿಪಾಳ್ಯದವರು ಉಳಿಸಲು ಹೊರಟಿದ್ದು ಏನನ್ನು? ಮುಂದೆ ಪೂರ್ತಿ ವಾಪಸ್ ಸಿಗುವ ತೆರಿಗೆಯನ್ನು.

ಇನ್ನೊಂದು ಹಳೇ ನಂಬಿಕೆ ಅಂದರೆ 1,500 ರೂ. ಒಳಗಿನ ಬಾಡಿಗೆಗೆ ತೆರಿಗೆ ಇಲ್ಲ ಅನ್ನುವುದು. ಅದು ಮೊದಲು ನಿಜವಾಗಿತ್ತು. ಒಂದು ಗಾಡಿಯ ಒಟ್ಟು ಬಾಡಿಗೆ 1,500 ಮೀರದಿದ್ದರೆ, ಅಥವಾ ಒಬ್ಬರಿಗೆ ಸೇರಿದ ಮಾಲಿನ ಬಾಡಿಗೆ 750 ಮೀರದಿದ್ದರೆ ವಿನಾಯಿತಿ ಇತ್ತು. 2022ರ ಜುಲೈ 18ರಿಂದ ಅದನ್ನು ತೆಗೆದರು. ಈಗ ಎಲ್‌ಆರ್ ಇದ್ದರೆ 400 ರೂಪಾಯಿ ಬಾಡಿಗೆಗೂ 20 ರೂಪಾಯಿ ಕಟ್ಟಬೇಕು. ಅಕ್ಕಿ, ಬೇಳೆ, ಹಿಟ್ಟು, ಹಾಲು, ಉಪ್ಪು, ರೈತರ ಕೃಷಿ ಉತ್ಪನ್ನ, ಸಾವಯವ ಗೊಬ್ಬರ ಇಂಥವನ್ನು ಸಾಗಿಸಿದರೆ ವಿನಾಯಿತಿ ಈಗಲೂ ಇದೆ. ಯಶವಂತಪುರ ಎಪಿಎಂಸಿಯವರಿಗೆ ಅದು ದೊಡ್ಡ ವಿಷಯ, ನಿಮ್ಮ ಪ್ಯಾನಲ್ ಬಾಕ್ಸ್‌ಗೆ ಅದು ಲೆಕ್ಕಕ್ಕಿಲ್ಲ.

ಎಲ್‌ಆರ್ ಇದೆ ಅಂತಾಯಿತು. ಈಗ ತೆರಿಗೆ ನಿಮ್ಮದಾ, ನಿಮ್ಮ ಗಿರಾಕಿಯದಾ? ಬಾಡಿಗೆ ಯಾರು ಕೊಡಬೇಕೋ ಅವರೇ ಸೇವೆ ಪಡೆದವರು ಅಂತ ಅಧಿಸೂಚನೆ ಹೇಳುತ್ತದೆ. ನೀವು ‘ಪೇಯ್ಡ್’ ಹಾಕಿ ಕಳಿಸಿದರೆ ತೆರಿಗೆ ನಿಮ್ಮದು. ‘ಟು ಪೇ’ ಹಾಕಿ ಕಳಿಸಿ, ಮಾಲು ಇಳಿಸಿಕೊಂಡ ಗಿರಾಕಿ ಬಾಡಿಗೆ ಕೊಟ್ಟರೆ ತೆರಿಗೆ ಅವರದು. ನಿಮಗೆ ಕಚ್ಚಾ ಮಾಲು ‘ಟು ಪೇ’ನಲ್ಲಿ ಬಂದರೆ ಮತ್ತೆ ನಿಮ್ಮದೇ. ನೀವೇ ಬಾಡಿಗೆ ಕೊಟ್ಟು, ಆಮೇಲೆ ಗಿರಾಕಿಯ ಬಿಲ್‌ನಲ್ಲಿ ‘ಫ್ರೈಟ್’ ಅಂತ ಸೇರಿಸಿ ವಸೂಲು ಮಾಡುತ್ತಿದ್ದರೂ ರಿವರ್ಸ್ ಚಾರ್ಜ್ ತಪ್ಪುವುದಿಲ್ಲ. ಲಾರಿಯವರಿಗೆ ದುಡ್ಡು ಕೊಟ್ಟವರು ನೀವು. ಬಿಲ್‌ನಲ್ಲಿ ಸೇರಿಸಿದ ಆ ಮೊತ್ತ ಮಾಲಿನ ಬೆಲೆಯ ಜೊತೆ ಸೇರಿ, ಮಾಲಿನ ದರದಲ್ಲೇ ತೆರಿಗೆಗೆ ಬರುತ್ತದೆ. ಎರಡು ಸಲ ಕಟ್ಟಿದ ಹಾಗೆ ಕಂಡರೂ ಮೊದಲನೆಯದು ನಿಮಗೆ ಕ್ರೆಡಿಟ್ ಆಗಿ ಬರುವುದರಿಂದ ನಷ್ಟವಿಲ್ಲ.

ದರ ಶೇ. 5. ನೋಂದಣಿ ಮಾಡಿಸಿಕೊಂಡ ಟ್ರಾನ್ಸ್‌ಪೋರ್ಟರ್ ಬೇಕಾದರೆ ತಾವೇ ತೆರಿಗೆ ವಸೂಲು ಮಾಡುವ ದಾರಿ ಆರಿಸಿಕೊಳ್ಳಬಹುದು. ಅದಕ್ಕೆ ಶೇ. 5 ಅಥವಾ, 2025ರ ಸೆಪ್ಟೆಂಬರ್ 22ರಿಂದ, ಶೇ. 18. ನಿಮ್ಮ ಲಾರಿ ಆಫೀಸಿಗೆ ನೋಂದಣಿಯೇ ಇಲ್ಲವಾದ್ದರಿಂದ ಆ ದಾರಿ ಅವರಿಗಿಲ್ಲ. ಹಾಗಿದ್ದೂ ಬಿಲ್‌ನಲ್ಲಿ ಜಿಎಸ್‌ಟಿ ಅಂತ ಹಾಕಿದ್ದರೆ ಕೊಡಬೇಡಿ. ಅಂದಹಾಗೆ ಅವರು ನೋಂದಣಿ ಮಾಡಿಸಿಲ್ಲ ಅಂದ ಮಾತ್ರಕ್ಕೆ ತಪ್ಪು ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ತನ್ನ ಎಲ್ಲ ವ್ಯವಹಾರಕ್ಕೂ ತೆರಿಗೆಯನ್ನು ಪಡೆದವರೇ ಕಟ್ಟುವುದಾದರೆ ಅಂಥವರಿಗೆ ನೋಂದಣಿ ಬೇಡ ಅಂತ ಅಧಿಸೂಚನೆ 5/2017 ಹೇಳಿದೆ.

ಹಾಗಾದರೆ ಅವರಿಗೆ ನೋಂದಣಿ ಇಲ್ಲದ್ದರಿಂದ ಏನೂ ವ್ಯತ್ಯಾಸ ಇಲ್ವಾ? ಇದೆ. ತೆರಿಗೆ ಬರುತ್ತದಾ ಇಲ್ಲವಾ ಅನ್ನುವುದು ಬದಲಾಗುವುದಿಲ್ಲ. ಕಾಗದ ಮತ್ತು ತಾರೀಕು ಬದಲಾಗುತ್ತದೆ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ.

ನೋಂದಣಿ ಇಲ್ಲದವರು ತೆರಿಗೆ ಇನ್‌ವಾಯ್ಸ್ ಕೊಡುವ ಹಾಗಿಲ್ಲ. ಆದ್ದರಿಂದ ಅವರ ಬದಲು ನೀವೇ ನಿಮ್ಮ ಹೆಸರಿಗೆ ಒಂದು ಸೆಲ್ಫ್ ಇನ್‌ವಾಯ್ಸ್ ಬರೆದುಕೊಳ್ಳಬೇಕು. ಹಣ ಕೊಡುವಾಗ ಪೇಮೆಂಟ್ ವೋಚರ್ ಬೇರೆ. ಸೆಲ್ಫ್ ಇನ್‌ವಾಯ್ಸ್‌ಗೆ ಮೊದಲು ಇಂಥ ದಿನದೊಳಗೆ ಅಂತ ಗಡುವು ಇರಲಿಲ್ಲ. 2024ರ ನವೆಂಬರ್ 1ರಿಂದ ನಿಯಮ 47ಎ ಬಂದಿದೆ: ಸೇವೆ ಪಡೆದ ದಿನದಿಂದ 30 ದಿನದೊಳಗೆ ಬರೆಯಬೇಕು. ತೆರಿಗೆ ಯಾವ ತಿಂಗಳಿಗೆ ಸೇರುತ್ತದೆ ಅನ್ನುವುದೂ ಅದೇ ದಿನದಿಂದ ಬದಲಾಗಿದೆ. ನೀವು ಹಣ ಕೊಟ್ಟ ದಿನ, ಸೆಲ್ಫ್ ಇನ್‌ವಾಯ್ಸ್ ಬರೆದ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ತಿಂಗಳು. ಲಾರಿಯವರ ಬಿಲ್ ತಾರೀಕಿನಿಂದ 60 ದಿನ ಎಣಿಸುವ ಹಳೇ ಲೆಕ್ಕ ಈಗ ನೋಂದಣಿ ಇರುವ ಟ್ರಾನ್ಸ್‌ಪೋರ್ಟರ್‌ಗೆ ಮಾತ್ರ.

ನಿಮ್ಮ ಡಿಸೆಂಬರ್ ತಿಂಗಳು ಹೀಗಿದೆ ಅಂದುಕೊಳ್ಳಿ. 3ನೇ ತಾರೀಕು ಹುಬ್ಬಳ್ಳಿಗೆ ಒಂದು ಲೋಡ್ ಹೋಯಿತು, ಕಲಾಸಿಪಾಳ್ಯದ ಲಾರಿ ಆಫೀಸು, ‘ಪೇಯ್ಡ್’ ಎಲ್‌ಆರ್. ಬಾಡಿಗೆ 18,000, ಅದೇ ಎಲ್‌ಆರ್‌ನಲ್ಲಿ ಹಮಾಲಿ 1,200. ಹಮಾಲಿಯನ್ನು ಬಿಟ್ಟು ಲೆಕ್ಕ ಹಾಕಬೇಡಿ. ಅವರೇ ಹೇರಿಸಿ, ಅವರದೇ ಎಲ್‌ಆರ್‌ನಲ್ಲಿ ಹಾಕಿದ್ದು ಸಾಗಣೆಯ ಭಾಗವೇ. ಒಟ್ಟು 19,200, ತೆರಿಗೆ 960. ಲಾರಿ ಆಫೀಸು ಕರ್ನಾಟಕದ್ದು, ನೀವೂ ಇಲ್ಲಿಯವರು, ಹಾಗಾಗಿ ಸಿಜಿಎಸ್‌ಟಿ 480, ಎಸ್‌ಜಿಎಸ್‌ಟಿ 480. 8ನೇ ತಾರೀಕು ಹಣ ಕೊಟ್ಟಿರಿ, ಅವತ್ತೇ ಸೆಲ್ಫ್ ಇನ್‌ವಾಯ್ಸ್ ಬರೆದಿರಿ.

10ನೇ ತಾರೀಕು ಹೊಸೂರಿನ ಲಾರಿ ಆಫೀಸಿನಿಂದ ಎಂಎಸ್ ಶೀಟ್ ಬಂತು, ‘ಟು ಪೇ’, 6,500. ಇಳಿಸಿಕೊಂಡು ಹಣ ಕೊಟ್ಟಿರಿ. ಹೊಸೂರು ನಮಗೆ ಪಕ್ಕದ ಮನೆ ಇದ್ದ ಹಾಗೆ, ಆದರೆ ತಮಿಳುನಾಡು. ಸೇವೆ ಕೊಟ್ಟವರು ಆ ರಾಜ್ಯ, ಪಡೆದ ನೀವು ಈ ರಾಜ್ಯ, ಆದ್ದರಿಂದ ಐಜಿಎಸ್‌ಟಿ 325. ಇಲ್ಲಿ ನೋಡಬೇಕಾದ್ದು ಲಾರಿ ಆಫೀಸು ಯಾವ ರಾಜ್ಯದ್ದು ಅಂತ, ಮಾಲು ಎಲ್ಲಿಗೆ ಹೋಯಿತು ಅಂತಲ್ಲ. ಬೆಂಗಳೂರಿನ ಲಾರಿ ಆಫೀಸು ನಿಮ್ಮ ಮಾಲನ್ನು ಚೆನ್ನೈಗೆ ಒಯ್ದರೂ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯೇ.

ಮಧ್ಯೆ ಬೊಮ್ಮಸಂದ್ರ, ಜಿಗಣಿ ಕಡೆ ಐದಾರು ಸಲ ಟೆಂಪೋ ಹೋಯಿತು, ಎಲ್‌ಆರ್ ಇಲ್ಲ. ತೆರಿಗೆ ಇಲ್ಲ.

28ನೇ ತಾರೀಕು ಬಳ್ಳಾರಿಗೆ ಒಂದು ಲೋಡ್ ತಲುಪಿತು, ಬಾಡಿಗೆ 15,000, ಉದ್ರಿ. ನೀವು ಹಣ ಕೊಡುವುದು ಫೆಬ್ರವರಿಯಲ್ಲಿ. ಫೆಬ್ರವರಿ ರಿಟರ್ನ್‌ನಲ್ಲಿ ನೋಡಿಕೊಂಡರಾಯಿತು ಅನ್ನುವ ಹಾಗಿಲ್ಲ. 30 ದಿನದ ಲೆಕ್ಕದಲ್ಲಿ ಜನವರಿ 27ರೊಳಗೆ ಸೆಲ್ಫ್ ಇನ್‌ವಾಯ್ಸ್ ಆಗಲೇಬೇಕು. ಜನವರಿ 5ಕ್ಕೆ ಬರೆದರೆ ಜನವರಿ ತಿಂಗಳ ತೆರಿಗೆ, 750 ರೂ., ಫೆಬ್ರವರಿ 20ರೊಳಗೆ ಕಟ್ಟಬೇಕು.

ಅಲ್ಲಿಗೆ ಡಿಸೆಂಬರ್ ತಿಂಗಳಿಗೆ 960 ಮತ್ತು 325, ಒಟ್ಟು 1,285 ರೂ. ಇದು ನಿಮ್ಮ ಕ್ಯಾಶ್ ಲೆಡ್ಜರ್‌ನಿಂದಲೇ ಹೋಗಬೇಕು. ಕ್ರೆಡಿಟ್ ಎಷ್ಟೇ ಇರಲಿ, ಅದನ್ನು ಬಳಸಲು ಬರುವುದು ನೀವು ಮಾರಿದ್ದರ ಮೇಲಿನ ತೆರಿಗೆಗೆ ಮಾತ್ರ. ರಿವರ್ಸ್ ಚಾರ್ಜ್ ಆ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ. ಚಲನ್ ಮಾಡುವಾಗ 480, 480, 325 ಬೇರೆ ಬೇರೆ ಖಾನೆಯಲ್ಲಿ ಹಾಕಿ. ಒಟ್ಟಿಗೆ ಸಿಜಿಎಸ್‌ಟಿಗೆ ಸುರಿದರೆ 20ನೇ ತಾರೀಕು ರಾತ್ರಿ ಐಜಿಎಸ್‌ಟಿಗೆ ದುಡ್ಡು ಸಾಲದು ಅಂತ ಪೋರ್ಟಲ್ ನಿಲ್ಲಿಸಿಬಿಡುತ್ತದೆ. ಆಮೇಲೆ ಪಿಎಂಟಿ-09 ಹಾಕಿ ಖಾನೆ ಬದಲಿಸುವ ಓಡಾಟ.

ಜಿಎಸ್‌ಟಿಆರ್-3ಬಿಯಲ್ಲಿ 19,200 ಮತ್ತು 6,500 ಸೇರಿಸಿ 25,700 ಮೌಲ್ಯ, ಅದರ ತೆರಿಗೆ 3.1(d)ಯಲ್ಲಿ. ಅದೇ 1,285 ಅನ್ನು ಅದೇ ರಿಟರ್ನ್‌ನ 4(A)(3)ರಲ್ಲಿ ಕ್ರೆಡಿಟ್ ಆಗಿ ತೆಗೆದುಕೊಳ್ಳಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡ ಹಾಗೆ. ಟೆಂಪೋ ಬಾಡಿಗೆ 3.1(d)ಗೆ ಬರಬಾರದು. ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ನೋಂದಣಿ ಇಲ್ಲದವರಿಂದ ಪಡೆದದ್ದಕ್ಕೆ ಬರೆದ ಇನ್‌ವಾಯ್ಸ್‌ಗಳ ನಂಬರ್ ಎಲ್ಲಿಂದ ಎಲ್ಲಿಯವರೆಗೆ ಅಂತ ಕೇಳುತ್ತದೆ. ತುಂಬ ಜನ ಅದನ್ನು ಖಾಲಿ ಬಿಡುತ್ತಾರೆ. ನೀವು ತುಂಬಿ.

ಸೆಲ್ಫ್ ಇನ್‌ವಾಯ್ಸ್‌ಗೆ ಬೇರೆಯದೇ ನಂಬರ್ ಸಾಲು ಇಡಿ. ತಿಂಗಳ ಕೊನೆಗೆ ಎಲ್ಲ ಸೇರಿಸಿ ಒಂದೇ ಬರೆಯಬಹುದು ಅನ್ನುವ ನಿಯಮ ಹಳೇ 9(4)ಕ್ಕೆ ಇದ್ದದ್ದು. ನಿಮ್ಮದಕ್ಕೆ ಒಂದು ಎಲ್‌ಆರ್‌ಗೆ ಒಂದು ಅಂತ ಇಟ್ಟುಕೊಳ್ಳುವುದು ಕ್ಷೇಮ. ಅದರಲ್ಲಿ ಲಾರಿ ಆಫೀಸಿನ ಹೆಸರು ವಿಳಾಸ, ಎಲ್‌ಆರ್ ನಂಬರ್ ತಾರೀಕು, ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ಕೋಡ್ 9965, ಮೊತ್ತ, ತೆರಿಗೆ, ರಿವರ್ಸ್ ಚಾರ್ಜ್ ಅನ್ನುವ ಮಾತು ಇರಲಿ. ಎಲ್‌ಆರ್ ಅನ್ನು ಅದರ ಹಿಂದೆಯೇ ಪಿನ್ ಮಾಡಿ.

ಇನ್ನು ಏಪ್ರಿಲ್‌ನಿಂದ ಬಿಟ್ಟಿರುವುದು. ಉದಾಹರಣೆಗೆ ಏಪ್ರಿಲ್‌ನಲ್ಲಿ ಎಲ್‌ಆರ್ ಇರುವ ಬಾಡಿಗೆ 40,000 ಕೊಟ್ಟಿದ್ದೀರಿ ಅನ್ನಿ. ತೆರಿಗೆ 2,000. ಹಣ ಕೊಟ್ಟದ್ದೇ ಏಪ್ರಿಲ್‌ನಲ್ಲಿ, ಆದ್ದರಿಂದ ಮೇ 20ಕ್ಕೆ ಕಟ್ಟಬೇಕಿತ್ತು. ಈಗ ನವೆಂಬರ್ ರಿಟರ್ನ್ ಜೊತೆ ಡಿಸೆಂಬರ್ 20ಕ್ಕೆ ಕಟ್ಟಿದರೆ ಮೇ 21ರಿಂದ 214 ದಿನ ತಡ. ವರ್ಷಕ್ಕೆ ಶೇ. 18ರಂತೆ ಬಡ್ಡಿ ಸುಮಾರು 211 ರೂ. ಉಳಿದ ತಿಂಗಳುಗಳಿಗೂ ಹೀಗೇ, ತಿಂಗಳು ತಿಂಗಳು ಬೇರೆಯಾಗಿ ಲೆಕ್ಕ ಹಾಕಿ. 2,000 ನಿಮಗೆ ವಾಪಸ್ ಬರುತ್ತದೆ, ಬಡ್ಡಿ ಬರುವುದಿಲ್ಲ. ಕಲಂ 122ರ ಕೆಳಗೆ ತಡವಾದ ಇನ್‌ವಾಯ್ಸ್‌ಗೆ ದಂಡ ಹಾಕುವ ಅಧಿಕಾರವೂ ಇಲಾಖೆಗಿದೆ. ಹಾಗಾಗಿ ಅವರು ಕೇಳುವ ಮೊದಲು ನೀವಾಗೇ ಕಟ್ಟಿಬಿಡುವುದು ಒಳ್ಳೆಯದು.

ಹಳೇದಕ್ಕೆ ಸೆಲ್ಫ್ ಇನ್‌ವಾಯ್ಸ್ ಬರೆಯುವಾಗ ಇವತ್ತಿನ ತಾರೀಕನ್ನೇ ಹಾಕಿ. ಏಪ್ರಿಲ್ ತಾರೀಕು ಹಾಕಿ ಹಿಂದಿನದು ಅನ್ನಿಸಲು ಹೋಗಬೇಡಿ. ನಂಬರ್ ಸಾಲು ಜಿಎಸ್‌ಟಿಆರ್-1ರ ಜೊತೆ ತಾಳೆಯಾಗದೆ ಅದು ಎದ್ದು ಕಾಣುತ್ತದೆ. ತಡವಾಯಿತು ಅಂತ ಕ್ರೆಡಿಟ್ ಕೈತಪ್ಪುತ್ತದೆ ಅನ್ನುವ ಭಯವೂ ಬೇಡ. 2024ರ ಜೂನ್ 26ರ ಸುತ್ತೋಲೆ 211ರ ಪ್ರಕಾರ, ನೋಂದಣಿ ಇಲ್ಲದವರ ವಿಷಯದಲ್ಲಿ ಕ್ರೆಡಿಟ್‌ನ ಗಡುವು ಎಣಿಸುವುದು ಸೆಲ್ಫ್ ಇನ್‌ವಾಯ್ಸ್ ಬರೆದ ಆರ್ಥಿಕ ವರ್ಷದಿಂದ. ನನ್ನ ಸಲಹೆ ಅಂದರೆ, ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ನವೆಂಬರ್ ರಿಟರ್ನ್‌ನಲ್ಲಿ ಕಟ್ಟಿ. ಇನ್‌ವಾಯ್ಸ್ ಡಿಸೆಂಬರ್ ತಾರೀಕಿನದಾದ್ದರಿಂದ ಅದರ ಕ್ರೆಡಿಟ್ ಅನ್ನು ಡಿಸೆಂಬರ್ ರಿಟರ್ನ್‌ನಲ್ಲಿ ತೆಗೆದುಕೊಳ್ಳಿ. ಒಂದು ತಿಂಗಳು ದುಡ್ಡು ಸಿಕ್ಕಿಕೊಂಡಿರುತ್ತದೆ, ಆದರೆ ಕಾಗದ ಶುದ್ಧವಾಗಿರುತ್ತದೆ.

ಪುಸ್ತಕದಲ್ಲಿ ಈಗ ‘ಫ್ರೈಟ್’ ಅಂತ ಒಂದೇ ಖಾತೆ ಇದ್ದರೆ ಅದನ್ನು ಇವತ್ತೇ ಒಡೆಯಿರಿ. ಎಲ್‌ಆರ್ ಇರುವ ಬಾಡಿಗೆ, ಎಲ್‌ಆರ್ ಇಲ್ಲದ ಗಾಡಿ ಬಾಡಿಗೆ, ಟ್ರಾನ್ಸ್‌ಪೋರ್ಟರ್ ತಾವೇ ತೆರಿಗೆ ಹಾಕಿದ್ದು, ಹೀಗೆ ಮೂರು. ಇಲಾಖೆಯವರು ಆಡಿಟ್‌ಗೆ ಬಂದಾಗ ಲಾಭ-ನಷ್ಟದ ಪಟ್ಟಿಯಲ್ಲಿರುವ ಒಟ್ಟು ಫ್ರೈಟ್ ತೆಗೆದು, ವರ್ಷದ 3.1(d)ಯ ಪಕ್ಕ ಇಟ್ಟು, ವ್ಯತ್ಯಾಸಕ್ಕೆಲ್ಲ ಶೇ. 5 ಕೇಳುತ್ತಾರೆ. ಆಗ ಆ ಟೆಂಪೋ ಬಾಡಿಗೆಗೆ ಎಲ್‌ಆರ್ ಇರಲಿಲ್ಲ ಅಂತ ತೋರಿಸಬೇಕಾದವರು ನೀವು. ಅದಕ್ಕೇ ಟೆಂಪೋ ವೋಚರ್ ಮೇಲೆ ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ‘ಎಲ್‌ಆರ್ ಕೊಟ್ಟಿಲ್ಲ’ ಅನ್ನುವ ಒಂದು ಸಾಲು ಬರೆಸಿ, ಡ್ರೈವರ್ ಸಹಿ ಹಾಕಿಸಿಕೊಳ್ಳಿ.